ಲ್ಯಾಬಿನ ಹುಡುಗಿ ಕೇಳಿದ ಪ್ರಶ್ನೆಗೆ ಲೆಕ್ಕ ಹಾಕಿ ಉತ್ತರ ಕೊಡುವುದು ಹೇಗೆ?

ಪ್ರಶ್ನೆ: ಗಂಗಾವತಿ ಹತ್ತಿರ ನಮ್ಮದೊಂದು ರೈಸ್ ಮಿಲ್ ಇದೆ. ತಿಂಗಳ ಸಂಬಳದವರು 34 ಜನ. ಯಾರಿಗೆ ಎಷ್ಟು ಅಂತ ಅಪ್ಪ ಬಾಯಲ್ಲೇ ಹೇಳುತ್ತಿದ್ದರು, ಈಗ ಆಫೀಸ್ ನಾನು ನೋಡುತ್ತಿದ್ದೇನೆ. ಲ್ಯಾಬಿನಲ್ಲಿ ಐದು ವರ್ಷದಿಂದ ಇರುವ ಹುಡುಗಿಗೆ 19,500. ಕೆಟ್ಟ ಕಾಳು ಬೇರೆ ಮಾಡುವ ಸಾರ್ಟೆಕ್ಸ್ ಮಷಿನ್ ಆಪರೇಟರ್‌ಗೆ 27,000. "ಅಣ್ಣನ ಕೆಲಸಕ್ಕಿಂತ ನನ್ನ ಕೆಲಸ ಯಾವುದರಲ್ಲಿ ಕಡಿಮೆ ಅಕ್ಕಾ?" ಅಂತ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಕೆಲಸಗಳಿಗೆ ಗ್ರೇಡ್ ಮಾಡಿ ಸಂಬಳದ ಬ್ಯಾಂಡ್ ಹಾಕಿ ಅಂತ ಆಡಿಟರ್ ಹೇಳಿದರು. ಎಲ್ಲಿಂದ ಶುರು ಮಾಡಲಿ? ಎಲ್ಲರ ಸಂಬಳದ ಪಟ್ಟಿ ಜೊತೆಗಿದೆ.

ಉತ್ತರ: ಪಟ್ಟಿ ಕಳಿಸಿದ್ದು ಒಳ್ಳೆಯದಾಯಿತು. ಆದರೆ ಮೊದಲ ಹದಿನೈದು ದಿನ ಆ ಪಟ್ಟಿಯನ್ನು ಡ್ರಾದಲ್ಲಿ ಇಟ್ಟು ಬೀಗ ಹಾಕಿ. ಗ್ರೇಡ್ ಕೂಡಿಸುವಾಗ ಯಾರ ಕಣ್ಣಿಗೂ ಸಂಬಳ ಬೀಳಬಾರದು. 27,000 ಅಂತ ಒಮ್ಮೆ ಕಂಡರೆ ಸಾಕು, ಆ ಕೆಲಸ ದೊಡ್ಡದೇ ಇರಬೇಕು ಅಂತ ಮನಸ್ಸು ಒಪ್ಪಿಬಿಡುತ್ತದೆ. ಆಮೇಲೆ ಅಂಕಗಳು ಅದಕ್ಕೆ ತಕ್ಕಂತೆ ತಾವೇ ಬಂದು ಕೂರುತ್ತವೆ.

ಇನ್ನೊಂದನ್ನೂ ಮುಚ್ಚಿಡಬೇಕು, ಅದು ಹೆಸರು. ಇದನ್ನು ನಾನು ಕೈ ಸುಟ್ಟುಕೊಂಡು ಕಲಿತೆ. ತುಂಬಾ ವರ್ಷಗಳ ಹಿಂದೆ ಬಳ್ಳಾರಿ ಕಡೆಯ ಒಂದು ಕಾರ್ಖಾನೆಗೆ ಗ್ರೇಡ್ ಮಾಡಿಕೊಟ್ಟೆ. ಅಲ್ಲಿ ಸ್ಟೋರ್ ನೋಡುತ್ತಿದ್ದವರು ಬಹಳ ನಂಬಿಕಸ್ತ ಮನುಷ್ಯ. ನಟ್ಟು ಬೋಲ್ಟು ಎಲ್ಲಿದೆ ಅಂತ ಕತ್ತಲಲ್ಲೂ ಹೇಳುತ್ತಿದ್ದರು. ನಾವು ಅವರ ಮುಖ ನೋಡಿ ಸ್ಟೋರ್ ಕೆಲಸಕ್ಕೆ ಮೇಲಿನ ಗ್ರೇಡ್ ಕೊಟ್ಟೆವು. ಎರಡು ವರ್ಷಕ್ಕೆ ಅವರು ನಿವೃತ್ತರಾದರು. ಹೊಸ ಹುಡುಗ ಬಂದ. ಕೆಲಸ ಅದೇ, ಗ್ರೇಡೂ ಅದೇ, ಸಂಬಳವೂ ಮೇಲಿನದೇ. ಪಕ್ಕದಲ್ಲಿ ಹತ್ತು ವರ್ಷದಿಂದ ಲೇತ್ ನಡೆಸುತ್ತಿದ್ದವರು ಬಂದು ಕೇಳಿದಾಗ ನಮ್ಮ ಹತ್ತಿರ ಮಾತೇ ಇರಲಿಲ್ಲ. ಆ ಮನುಷ್ಯನ ಗುಣಕ್ಕೆ ಬೆಲೆ ಕೊಡಬೇಕಿತ್ತು, ನಿಜ. ಅದಕ್ಕೆ ಜಾಗ ಬ್ಯಾಂಡಿನ ಒಳಗಿದೆ, ಅದನ್ನು ಮುಂದೆ ಹೇಳುತ್ತೇನೆ. ಗ್ರೇಡ್ ಕುರ್ಚಿಗೆ ಸಿಗಬೇಕು. ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಅನ್ನುವುದು ಆಮೇಲಿನ ಮಾತು.

ಹಾಗಾಗಿ ಮೊದಲ ಕೆಲಸ ಬರೆಯುವುದು. ಪ್ರತಿ ಕೆಲಸಕ್ಕೂ ಒಂದು ಪುಟ ಸಾಕು. ಹೆಸರು ಬೇಡ, ಸಂಬಳ ಬೇಡ, ಗಂಡೋ ಹೆಣ್ಣೋ ಅಂತ ತಿಳಿಯುವ ಸುಳಿವೂ ಬೇಡ. ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ಮಾಡಬೇಕು, ಕಲಿಯಲು ಎಷ್ಟು ತಿಂಗಳು ಬೇಕು, ತಪ್ಪಾದರೆ ಏನಾಗುತ್ತದೆ, ಎಂಥ ಜಾಗದಲ್ಲಿ ನಿಲ್ಲಬೇಕು ಅಂತ ಬರೆಯಿರಿ. ಆಫೀಸಿನಲ್ಲಿ ಕೂತು ಬರೆಯಬೇಡಿ. ಆ ಕೆಲಸ ಮಾಡುವವರ ಜೊತೆ ಅರ್ಧ ದಿನ ನಿಂತು ಬರೆಯಿರಿ. ನಿಮ್ಮಲ್ಲಿ 34 ಜನ ಇದ್ದರೂ ಬೇರೆ ಬೇರೆ ಕೆಲಸಗಳು ಹದಿಮೂರೇ. ಹದಿಮೂರು ಪುಟ ಆದರೆ ಮುಗಿಯಿತು. ಹಮಾಲರನ್ನು ಇದರಲ್ಲಿ ಸೇರಿಸಬೇಡಿ. ಅವರ ಕೂಲಿ ಚೀಲದ ಲೆಕ್ಕದ್ದು, ಅದರ ನ್ಯಾಯ ನೋಡುವ ದಾರಿಯೇ ಬೇರೆ.

ಪುಟಗಳು ಸಿದ್ಧವಾದ ಮೇಲೆ ಅಳತೆಗೋಲು. ಇದಕ್ಕೆ ಪಾಯಿಂಟ್ ಪದ್ಧತಿ ಅನ್ನುತ್ತಾರೆ. ನಿಮ್ಮಷ್ಟು ದೊಡ್ಡ ಮಿಲ್ಲಿಗೆ ನಾಲ್ಕೇ ಅಂಶ ಸಾಕು: ಕೌಶಲ, ಜವಾಬ್ದಾರಿ, ಶ್ರಮ, ಕೆಲಸದ ಜಾಗ. ಈ ನಾಲ್ಕನ್ನು ನಾನು ಸುಮ್ನೆ ಆರಿಸಿದ್ದಲ್ಲ. 1976ರ ಸಮಾನ ವೇತನ ಕಾಯ್ದೆಯಲ್ಲಿ ಒಂದೇ ಬಗೆಯ ಕೆಲಸ ಯಾವುದು ಅಂತ ನೋಡಲು ಕೊಟ್ಟ ಅಂಶಗಳೇ ಇವು. ಈಗ ಅದರ ಜಾಗಕ್ಕೆ 2019ರ ವೇತನ ಸಂಹಿತೆ ಬಂದಿದೆ. ಅದು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅಲ್ಲೂ ಇವೇ ಅಂಶಗಳಿವೆ, ಜೊತೆಗೆ ಅನುಭವವನ್ನು ಸೇರಿಸಿದ್ದಾರೆ. ಕೆಲಸಕ್ಕೆ ಬೇಕಾದ ಅನುಭವವನ್ನು ನಾವು ಕೌಶಲದಲ್ಲೇ ಎಣಿಸೋಣ. ನಾಳೆ ಯಾರಾದರೂ ಲೇಬರ್ ಆಫೀಸಿಗೆ ಹೋದರೂ ನಿಮ್ಮ ಅಳತೆ, ಕಾನೂನಿನ ಅಳತೆ ಒಂದೇ ಭಾಷೆಯಲ್ಲಿ ಇರುತ್ತವೆ.

ಪ್ರತಿ ಅಂಶಕ್ಕೂ 1ರಿಂದ 5ರವರೆಗೆ ಮೆಟ್ಟಿಲು. ಪ್ರತಿ ಅಂಶಕ್ಕೂ ಒಂದು ತೂಕ. ಕೌಶಲಕ್ಕೆ 35, ಜವಾಬ್ದಾರಿಗೆ 35, ಶ್ರಮಕ್ಕೆ 15, ಜಾಗಕ್ಕೆ 15 ಅಂತ ಇಟ್ಟುಕೊಳ್ಳಿ. ಮೆಟ್ಟಿಲನ್ನು ತೂಕದಿಂದ ಗುಣಿಸಿ ಕೂಡಿಸಿದರೆ ಆ ಕೆಲಸದ ಅಂಕ ಸಿಗುತ್ತದೆ. ಅತಿ ಕಡಿಮೆ ಅಂದರೆ 100, ಅತಿ ಜಾಸ್ತಿ ಅಂದರೆ 500. ತೂಕಗಳನ್ನು ಮೊದಲೇ ಬರೆದು ಎಲ್ಲರ ಸಹಿ ಹಾಕಿಸಿ. ಅಂಕ ಬಂದ ಮೇಲೆ ತೂಕ ಮುಟ್ಟಿದರೆ ನಿಮಗೆ ಬೇಕಾದ ಉತ್ತರ ಬರುವ ತನಕ ತಿರುಚುತ್ತಲೇ ಇರಬಹುದು.

ಮೆಟ್ಟಿಲುಗಳಿಗೆ ನಿಮ್ಮ ಮಿಲ್ಲಿನ ಮಾತಿನಲ್ಲೇ ಅರ್ಥ ಬರೆಯಿರಿ. ಕೌಶಲದಲ್ಲಿ 1 ಅಂದರೆ ವಾರದಲ್ಲಿ ಕಲಿಯಬಹುದು. 2 ಅಂದರೆ ಎರಡು ಮೂರು ತಿಂಗಳು. 3 ಅಂದರೆ ಒಂದು ಸೀಸನ್ ಪೂರ್ತಿ ಹಳಬರ ಜೊತೆ ನಿಂತು ಕಲಿಯಬೇಕು. 4ಕ್ಕೆ ಐಟಿಐ ಅಥವಾ ಡಿಗ್ರಿ, ಮೇಲೆ ಕೆಲವು ವರ್ಷದ ಅನುಭವ. 5 ಮಿಲ್ ಪೂರ್ತಿ ಗೊತ್ತಿರುವ ಮ್ಯಾನೇಜರ್‌ಗೆ. "ಸಾಧಾರಣ", "ಉತ್ತಮ" ಅನ್ನುವಂಥ ಪದ ಹಾಕಿದರೆ ಪ್ರತಿಯೊಬ್ಬರೂ ತಮ್ಮದೇ ಅರ್ಥ ಮಾಡಿಕೊಳ್ಳುತ್ತಾರೆ.

ಜವಾಬ್ದಾರಿಯ ಮೆಟ್ಟಿಲಿಗೆ ಎರಡು ಪ್ರಶ್ನೆ ಕೇಳಿ. ತಪ್ಪಾದರೆ ಎಷ್ಟು ನಷ್ಟ? ಆ ತಪ್ಪು ಯಾವಾಗ ಗೊತ್ತಾಗುತ್ತದೆ? ಎರಡನೆಯದನ್ನು ಜನ ಕೇಳುವುದೇ ಇಲ್ಲ. ನಿಮ್ಮ ಲ್ಯಾಬಿನ ಹುಡುಗಿಯ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ.

ಅಂಕ ಹಾಕಲು ಐದು ಜನರನ್ನು ಕೂರಿಸಿ. ಮ್ಯಾನೇಜರ್, ಶಿಫ್ಟ್ ಸೂಪರ್‌ವೈಸರ್, ಅಕೌಂಟೆಂಟ್, ಮಷಿನ್ ಕಡೆಯಿಂದ ಒಬ್ಬರು, ಪ್ಯಾಕಿಂಗ್ ಕಡೆಯಿಂದ ಒಬ್ಬರು. ಇವರಲ್ಲಿ ಇಬ್ಬರಾದರೂ ಹೆಣ್ಣುಮಕ್ಕಳು ಇರಲಿ. ತಮ್ಮ ಕೆಲಸಕ್ಕೆ ತಾವೇ ಅಂಕ ಹಾಕುವಂತಿಲ್ಲ. ಪ್ರತಿಯೊಬ್ಬರೂ ಮಾತಾಡದೆ ತಮ್ಮ ತಮ್ಮ ಹಾಳೆಯಲ್ಲಿ ಬರೆಯಬೇಕು, ಆಮೇಲೆ ಹಾಳೆ ಬಿಚ್ಚಬೇಕು. ಎರಡು ಮೆಟ್ಟಿಲು ಅಥವಾ ಹೆಚ್ಚು ವ್ಯತ್ಯಾಸ ಬಂದ ಕಡೆ ಮಾತ್ರ ಚರ್ಚೆ. ಮೊದಲೇ ಬಾಯಿ ಬಿಟ್ಟರೆ ಮ್ಯಾನೇಜರ್ ಹೇಳಿದ್ದೇ ಎಲ್ಲರ ಅಂಕ ಆಗುತ್ತದೆ.

ಈಗ ಲ್ಯಾಬ್ ಮತ್ತು ಸಾರ್ಟೆಕ್ಸ್ ಕೆಲಸಕ್ಕೆ ಬರೋಣ. ನಮ್ಮ ಕಡೆಯ ಮಿಲ್ಲುಗಳಲ್ಲಿ ಲ್ಯಾಬಿನ ಕೆಲಸಕ್ಕೆ ಮೊದಲ ಸಲ ಬರುವ ಅಂಕ ಹೆಚ್ಚು ಕಡಿಮೆ ಹೀಗೇ ಇರುತ್ತದೆ: ಕೌಶಲ 2, ಜವಾಬ್ದಾರಿ 3, ಶ್ರಮ 1, ಜಾಗ 1. ಕೂಡಿಸಿದರೆ 205. "ರೂಮಲ್ಲಿ ಕೂತು ಕಾಳು ನೋಡೋದು, ಅಷ್ಟೇ ತಾನೇ" ಅನ್ನುವ ಮಾತಿನ ಮೇಲೆ ಬಂದ ಅಂಕ ಅದು. ಯಾರಿಗೂ ಮೋಸ ಮಾಡುವ ಉದ್ದೇಶ ಇರುವುದಿಲ್ಲ. ಶ್ರಮ ಅಂದರೆ ಚೀಲ ಎತ್ತುವುದು, ಜಾಗ ಅಂದರೆ ಬಾಯ್ಲರ್ ಮುಂದಿನ ಬಿಸಿ ಅಂತ ನಮ್ಮ ತಲೆಯಲ್ಲಿ ಕೂತಿದೆ, ಅಷ್ಟೇ.

ಲ್ಯಾಬಿನ ಕೆಲಸವನ್ನು ಪಕ್ಕದಲ್ಲಿ ನಿಂತು ನೋಡಿ. ನವೆಂಬರ್‌ನಲ್ಲಿ ಭತ್ತ ಬರುವ ಕಾಲ. ಗೇಟಿನಿಂದ ರಸ್ತೆವರೆಗೆ ಲಾರಿ, ಟ್ರ್ಯಾಕ್ಟರ್ ಸಾಲು. ಲಾರಿ ಹತ್ತಬೇಕು. ಮೇಲಿನ ಚೀಲ ಚೆನ್ನಾಗಿದ್ದು ಒಳಗಿನದು ಹಸಿ ಇರಬಹುದು, ಹಾಗಾಗಿ ನಡುವಿನ ಚೀಲಕ್ಕೂ ಕೊಳವೆ ಚುಚ್ಚಿ ಕಾಳು ತೆಗೆಯಬೇಕು. ತೇವಾಂಶ ಮೀಟರ್‌ನಲ್ಲಿ ನೋಡಬೇಕು. ಹಿಡಿ ಭತ್ತ ಸುಲಿದು, ಅಕ್ಕಿ ಎಷ್ಟು, ನುಚ್ಚು ಎಷ್ಟು, ಬಣ್ಣ ಕೆಟ್ಟ ಕಾಳು ಎಷ್ಟು ಅಂತ ಚಿಮಟಿಗೆಯಲ್ಲಿ ಬೇರೆ ಮಾಡಿ ತೂಗಬೇಕು. ಮುಂದೆ ರೈತರು ನಿಂತಿರುತ್ತಾರೆ. "ಎರಡು ಪಾಯಿಂಟ್ ಕಡಿಮೆ ಹಾಕವ್ವ" ಅಂತ ಒಬ್ಬರು, "ಬೇಗ ಬಿಡಮ್ಮ" ಅಂತ ಡ್ರೈವರ್. ಆ ಗದ್ದಲದಲ್ಲಿ ಅವಳು ಬರೆದ ಅಂಕಿಯ ಮೇಲೆ ನಿಮ್ಮ ಮುನೀಮರು ದುಡ್ಡು ಕೊಡುತ್ತಾರೆ.

ಈಗ ತಪ್ಪಿನ ಬೆಲೆ ನೋಡೋಣ. ಸರ್ಕಾರಿ ಖರೀದಿಯಲ್ಲಿ ಭತ್ತದ ತೇವಾಂಶ ಶೇ. 17 ದಾಟಬಾರದು. ಒಂದು ಲಾರಿಯಲ್ಲಿ 200 ಕ್ವಿಂಟಲ್ ಇದೆ, ನಿಜವಾದ ತೇವಾಂಶ 19, ಅವಸರದಲ್ಲಿ 17 ಅಂತ ಬರೆದಳು ಅನ್ನೋಣ. 19ರಲ್ಲಿ ಒಣ ಭಾಗ 162 ಕ್ವಿಂಟಲ್. ಅದೇ ಭತ್ತ 17ಕ್ಕೆ ಒಣಗಿದಾಗ 195.2 ಕ್ವಿಂಟಲ್ ತೂಗುತ್ತದೆ. ಅಂದರೆ 4.8 ಕ್ವಿಂಟಲ್ ನೀರಿಗೆ ದುಡ್ಡು ಕೊಟ್ಟಿರಿ. 2025-26ರ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369. ಆ ಲೆಕ್ಕದಲ್ಲಿ ಒಂದೇ ಲಾರಿಗೆ ಸುಮಾರು 11,400 ರೂಪಾಯಿ. ಗೊತ್ತಾಗುವುದು ಯಾವಾಗ? ಭತ್ತ ರಾಶಿಗೆ ಬಿದ್ದು, ಲಾರಿ ಹೋಗಿ, ದುಡ್ಡು ಕೊಟ್ಟ ಮೇಲೆ. ಆಮೇಲೆ ಹಿಂದಕ್ಕೆ ಪಡೆಯುವ ದಾರಿಯೇ ಇಲ್ಲ.

ಸಾರ್ಟೆಕ್ಸ್ ಕೆಲಸವೂ ಸಣ್ಣದಲ್ಲ. ಕ್ಯಾಮೆರಾದ ಸೆಟ್ಟಿಂಗ್, ಗಾಳಿಯ ಒತ್ತಡ, ತಳಿ ಬದಲಾದಾಗ ಮತ್ತೆ ಹೊಂದಿಸುವುದು, ಇವನ್ನು ಕಲಿಯಲು ಒಂದು ಸೀಸನ್ ಬೇಕೇ ಬೇಕು. ಸೆಟ್ಟಿಂಗ್ ಬಿಗಿಯಾದರೆ ಕೆಟ್ಟ ಕಾಳಿನ ಜೊತೆ ಒಳ್ಳೆ ಅಕ್ಕಿಯೂ ರಿಜೆಕ್ಟ್ ಪೈಪಿಗೆ ಹೋಗುತ್ತದೆ. ಸಡಿಲವಾದರೆ ಕರಿ ಕಾಳು ಪ್ಯಾಕಿಂಗಿಗೆ ಹೋಗುತ್ತದೆ. ಆದರೆ ರಿಜೆಕ್ಟ್ ಪೈಪಿನ ಕೆಳಗೆ ಕೈ ಹಿಡಿದರೆ ಕೆಲವೇ ನಿಮಿಷದಲ್ಲಿ ತಪ್ಪು ಕಾಣುತ್ತದೆ. ಆ ಅಕ್ಕಿಯನ್ನು ಮತ್ತೆ ಮಷಿನ್‌ಗೆ ಹಾಕಬಹುದು. ಅದಕ್ಕೇ ಅವರಿಗೆ ಜವಾಬ್ದಾರಿ 3, ಲ್ಯಾಬಿಗೆ 4. ಕೌಶಲ ಇಬ್ಬರಿಗೂ 3. ಶ್ರಮವೂ ಇಬ್ಬರಿಗೂ 3. ಒಬ್ಬರು ಪಾಳಿ ಪೂರ್ತಿ ನಿಂತು ನೋಡಬೇಕು, ಇನ್ನೊಬ್ಬರು ಲಾರಿ ಹತ್ತಿ ಇಳಿದು ಕಣ್ಣು ಕೀಲಿಸಿ ಕಾಳು ಆರಿಸಬೇಕು. ಜಾಗದಲ್ಲಿ ಸಾರ್ಟೆಕ್ಸ್‌ಗೆ 3 ಕೊಡಿ, ಯಾಕೆಂದರೆ ಕಂಪ್ರೆಸರ್ ಸದ್ದು, ರಾತ್ರಿ ಪಾಳಿ. ಲ್ಯಾಬಿಗೆ 2, ಧೂಳು ಇದೆ, ಆದರೆ ಹಗಲು ಮಾತ್ರ. ಕೂಡಿಸಿ ನೋಡಿ:

```
ಲ್ಯಾಬ್      = 3×35 + 4×35 + 3×15 + 2×15 = 320
ಸಾರ್ಟೆಕ್ಸ್ = 3×35 + 3×35 + 3×15 + 3×15 = 300
```

205 ಇದ್ದದ್ದು 320 ಆಯಿತು. ಕೆಲಸ ಒಂದಿಷ್ಟೂ ಬದಲಾಗಲಿಲ್ಲ. ಬದಲಾಗಿದ್ದು ನಾವು ಅದನ್ನು ನೋಡಿದ ಬಗೆ.

ಈ 20 ಅಂಕದ ವ್ಯತ್ಯಾಸ ಹಿಡಿದುಕೊಂಡು ಲ್ಯಾಬ್ ದೊಡ್ಡದು, ಸಾರ್ಟೆಕ್ಸ್ ಸಣ್ಣದು ಅಂತ ಹೇಳಬೇಡಿ. ಈ ಅಳತೆಗೋಲು ಅಷ್ಟು ಸೂಕ್ಷ್ಮವಾದದ್ದಲ್ಲ. ಐದು ಜನ ಇನ್ನೊಂದು ದಿನ ಕೂತರೆ ಆಚೀಚೆ ಒಂದು ಮೆಟ್ಟಿಲು ಸರಿಯಬಹುದು. ಗ್ರೇಡ್ ಮಾಡುವುದೇ ಇದಕ್ಕಾಗಿ. ಹತ್ತಿರ ಹತ್ತಿರ ಇರುವ ಅಂಕಗಳನ್ನು ಒಂದೇ ಪೆಟ್ಟಿಗೆಗೆ ಹಾಕುತ್ತೇವೆ, ಒಳಗಿನ ಸಣ್ಣ ವ್ಯತ್ಯಾಸವನ್ನು ಮರೆಯುತ್ತೇವೆ. ನಿಮ್ಮ ತೂಕ ಸರಿಯೋ ತಪ್ಪೋ ಅಂತ ಅನುಮಾನ ಇದ್ದರೆ ಒಂದು ಪರೀಕ್ಷೆ ಮಾಡಿ. ನಾಲ್ಕೂ ಅಂಶಕ್ಕೆ 25ರಂತೆ ಸಮ ತೂಕ ಕೊಟ್ಟು ಮತ್ತೆ ಗುಣಿಸಿ. ಎರಡೂ ಕೆಲಸ 300ಕ್ಕೇ ಬಂದು ನಿಲ್ಲುತ್ತವೆ. ತೂಕ ಬದಲಾದರೂ ಇಬ್ಬರೂ ಜೊತೆಯಲ್ಲೇ ಇದ್ದಾರೆ ಅಂದರೆ ಒಂದೇ ಗ್ರೇಡ್ ಅನ್ನುವ ತೀರ್ಮಾನ ಗಟ್ಟಿ.

ಉಳಿದ ಕೆಲಸಗಳನ್ನೂ ನಿಮ್ಮ ವಿವರ ನೋಡಿ ಹೀಗೇ ಕೂಡಿಸಿದೆ. ಅಂಕಗಳನ್ನು ಸಾಲಾಗಿ ಬರೆದರೆ ನಡುವೆ ಖಾಲಿ ಜಾಗ ಕಾಣುತ್ತದೆ. ಗೆರೆ ಎಳೆಯುವುದು ಆ ಖಾಲಿ ಜಾಗದಲ್ಲಿ. ವಾಚ್‌ಮನ್, ಸ್ವಚ್ಛತೆ ಮಾಡುವವರು, ಪ್ಯಾಕಿಂಗ್ ಹೆಲ್ಪರ್ 165ರಿಂದ 195ರೊಳಗೆ ಬಂದರು, ಅದು ಮೊದಲ ಗ್ರೇಡ್. ತೂಕದ ಗುಮಾಸ್ತರು ಮತ್ತು ಸ್ಟೋರ್ 235, ಎರಡನೆಯದು. ಸಾರ್ಟೆಕ್ಸ್, ಡ್ರೈಯರ್, ಲ್ಯಾಬ್, ಅಕೌಂಟೆಂಟ್ 300ರಿಂದ 325, ಮೂರನೆಯದು. ಫಿಟ್ಟರ್, ಬಾಯ್ಲರ್ ಆಪರೇಟರ್, ಶಿಫ್ಟ್ ಸೂಪರ್‌ವೈಸರ್ 350ರಿಂದ 370, ನಾಲ್ಕನೆಯದು. ಮ್ಯಾನೇಜರ್ 440, ಒಬ್ಬರೇ ಐದರಲ್ಲಿ. ಮೂರು ಮತ್ತು ನಾಲ್ಕರ ನಡುವಿನ ಜಾಗ ಸ್ವಲ್ಪ ಇಕ್ಕಟ್ಟು, 25 ಅಂಕ ಮಾತ್ರ. ಅಕೌಂಟೆಂಟ್ ಬಂದು ಕೇಳಿಯೇ ಕೇಳುತ್ತಾರೆ. ಅವರ ಪುಟವನ್ನು ಇನ್ನೊಮ್ಮೆ ಓದಿ ನೋಡಿ. ಜಿಎಸ್‌ಟಿ, ಬ್ಯಾಂಕ್ ಸಾಲದ ಕಾಗದ ಎಲ್ಲ ಅವರೇ ನೋಡುತ್ತಿದ್ದು ಅದು ಬರೆಯದೆ ಬಿಟ್ಟುಹೋಗಿದ್ದರೆ ಸೇರಿಸಿ. ಎಲ್ಲ ಬರೆದಿದ್ದರೆ ಅಂಕ ಅಲ್ಲೇ ಇರಲಿ.

ಈಗ ಡ್ರಾ ತೆಗೆಯಿರಿ. ಸಂಬಳದ ಪಟ್ಟಿ ಬೇಕಾಗುವುದು ಈಗ.

ಬ್ಯಾಂಡ್ ಅಂದರೆ ಒಂದು ಗ್ರೇಡಿಗೆ ಕೆಳಗಿನ ಮಿತಿ, ಮೇಲಿನ ಮಿತಿ, ನಡುವಿನ ಬಿಂದು. ಮೊದಲು ನಡುವಿನದನ್ನು ಹಿಡಿಯಬೇಕು. ಕೆಲಸ ಪೂರ್ತಿ ಬಲ್ಲ ಒಬ್ಬರಿಗೆ ನಿಮ್ಮ ಸುತ್ತಲಿನ ಮಿಲ್ಲುಗಳು ಎಷ್ಟು ಕೊಡುತ್ತಿವೆ ಅನ್ನುವುದೇ ನಡುವಿನ ಬಿಂದು. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಮಿಲ್ಲು ಬೇಕಾದಷ್ಟಿವೆ, ನಾಲ್ಕೈದು ಕಡೆ ವಿಚಾರಿಸುವುದು ಕಷ್ಟ ಅಲ್ಲ. ವಿಚಾರಿಸುವಾಗ ಹೆಸರನ್ನು ನಂಬಬೇಡಿ, ಕೆಲಸ ಕೇಳಿ. ಒಂದು ಕಡೆ "ಆಪರೇಟರ್" ಅಂದರೆ ಬಟನ್ ಒತ್ತುವವರು, ಇನ್ನೊಂದು ಕಡೆ ರಿಪೇರಿಯನ್ನೂ ಮಾಡುವವರು. ಊಟ, ರೂಮು, ಪಿಎಫ್ ಸೇರಿದೆಯಾ ಅಂತಲೂ ಕೇಳಿ. ಮತ್ತೆ ಒಂದು ಎಚ್ಚರಿಕೆ. ಲ್ಯಾಬಿನ ಕೆಲಸಕ್ಕೆ ಎಲ್ಲ ಮಿಲ್ಲಿನವರೂ ಕಡಿಮೆಯೇ ಕೊಡುತ್ತಿದ್ದರೆ ಮಾರ್ಕೆಟ್ ರೇಟ್ ಅಂತ ಅದನ್ನೇ ಹಿಡಿದರೆ ಹಳೆಯ ತಪ್ಪೇ ಹೊಸ ಕಾಗದಕ್ಕೆ ಬರುತ್ತದೆ. ಅದಕ್ಕೆ ವಿಚಾರಿಸುವುದು ಗ್ರೇಡಿಗೆ. ಗ್ರೇಡಿನಲ್ಲಿರುವ ನಾಲ್ಕೂ ಕೆಲಸದ ಸಂಬಳ ನೋಡಿ ಒಂದೇ ನಡುಬಿಂದು ಇಡಿ.

ಮೂರನೇ ಗ್ರೇಡಿಗೆ ಅದು 27,600 ಅಂತ ಬಂತು ಅನ್ನೋಣ. ಅಗಲ ಎಷ್ಟು ಇಡಬೇಕು? ಒಂದೆರಡು ವರ್ಷದಲ್ಲಿ ಪೂರ್ತಿ ಕಲಿಯಬಹುದಾದ ಕೆಲಸಕ್ಕೆ ಕಡಿಮೆ ಅಗಲ, ಹತ್ತು ವರ್ಷ ಕಲಿತರೂ ಇನ್ನೂ ಇರುವಂಥ ಕೆಲಸಕ್ಕೆ ಜಾಸ್ತಿ. ಮೊದಲ ಗ್ರೇಡಿಗೆ ಶೇ. 20, ಮೂರನೆಯದಕ್ಕೆ 30, ಮ್ಯಾನೇಜರ್‌ಗೆ 40 ಸಾಕು. ಲೆಕ್ಕ ಸುಲಭ:

```
ಕೆಳಮಿತಿ = ನಡುಬಿಂದು ÷ (1 + ಅಗಲ/2) = 27,600 ÷ 1.15 = 24,000
ಮೇಲ್ಮಿತಿ = ಕೆಳಮಿತಿ × (1 + ಅಗಲ)   = 24,000 × 1.30 = 31,200
```

ಇದೇ ರೀತಿ ಮೊದಲ ಗ್ರೇಡ್ 17,000ದಿಂದ 20,400, ಎರಡನೆಯದು 20,000ದಿಂದ 25,000, ನಾಲ್ಕನೆಯದು 30,000ದಿಂದ 40,500 ಆಯಿತು. ಒಂದರ ಮೇಲಿನ ತುದಿ ಇನ್ನೊಂದರ ಕೆಳತುದಿಯನ್ನು ಸ್ವಲ್ಪ ದಾಟುವುದು ಸರಿ. ಹಳೆಯ ಗುಮಾಸ್ತರು ಹೊಸ ಆಪರೇಟರ್‌ಗಿಂತ ಒಂದಿಷ್ಟು ಜಾಸ್ತಿ ಪಡೆದರೆ ತಪ್ಪಿಲ್ಲ.

ಇವು ನಿಮ್ಮ ಪಟ್ಟಿ ನೋಡಿ ಲೆಕ್ಕ ತೋರಿಸಲು ಹಾಕಿದ ಮೊತ್ತಗಳು. ಅಂತಿಮ ಮಾಡುವ ಮೊದಲು ಕನಿಷ್ಠ ವೇತನದ ಈಗಿನ ಅಧಿಸೂಚನೆ ತೆಗೆದು ನೋಡಿ, ತುಟ್ಟಿಭತ್ಯೆ ಸೇರಿಸಿ ನೋಡಿ. ಪ್ರತಿ ಗ್ರೇಡಿನ ಕೆಳಮಿತಿ ಆ ಗ್ರೇಡಿನ ಕೆಲಸಗಳ ಕನಿಷ್ಠ ವೇತನಕ್ಕಿಂತ ಮೇಲೆಯೇ ಇರಬೇಕು. ಕನಿಷ್ಠ ವೇತನ ಏರಿ ಮೊದಲ ಗ್ರೇಡನ್ನು ತಳ್ಳಿದರೆ ಅದೊಂದನ್ನೇ ಎತ್ತಬೇಡಿ, ಮೇಲಿನವನ್ನೂ ಎತ್ತಿ. ಇಲ್ಲದಿದ್ದರೆ ಎರಡು ವರ್ಷದಲ್ಲಿ ಹೆಲ್ಪರ್, ಗುಮಾಸ್ತರು ಒಂದೇ ಸಂಬಳಕ್ಕೆ ಬಂದು ನಿಲ್ಲುತ್ತಾರೆ.

ಈಗ ಜನರನ್ನು ಬ್ಯಾಂಡಿನಲ್ಲಿ ಕೂರಿಸೋಣ. ಸಂಬಳವನ್ನು ನಡುಬಿಂದುವಿನಿಂದ ಭಾಗಿಸಿ. ಸಾರ್ಟೆಕ್ಸ್ 27,000, ಅಂದರೆ ನಡುಬಿಂದುವಿನ ಶೇ. 98. ಅಕೌಂಟೆಂಟ್ 26,000, ಶೇ. 94. ಡ್ರೈಯರ್ 25,500, ಶೇ. 92. ಲ್ಯಾಬ್ 19,500, ಶೇ. 71. ಮೂವರು ಒಂದೇ ಕಡೆ ನಿಂತಿದ್ದಾರೆ, ಒಬ್ಬಳು ಮಾತ್ರ ಹೊರಗೆ, ಕೆಳಮಿತಿಗಿಂತಲೂ 4,500 ಕಡಿಮೆ. ಇನ್ನು ಇದಕ್ಕೆ ಕಾರಣ ಹುಡುಕುತ್ತಾ ಕೂರಬೇಡಿ. ಅವಳು ಸೇರಿದಾಗ ಕೇಳಿದ್ದೇ ಕಡಿಮೆ ಇರಬಹುದು. ಅದರ ಮೇಲೆ ವರ್ಷ ವರ್ಷ ಶೇಕಡಾ ಲೆಕ್ಕದಲ್ಲಿ ಏರಿಸಿದಿರಿ, ಅಂತರ ರೂಪಾಯಿಯಲ್ಲಿ ಇನ್ನೂ ದೊಡ್ಡದಾಯಿತು. ಬಹಳ ಕಡೆ ಹೀಗೇ ಆಗಿರುತ್ತದೆ.

ಬ್ಯಾಂಡಿನ ಒಳಗೆ ಜಾಗ ಕೊಡಲು ಒಂದು ಸರಳ ನಿಯಮ ಇಡಿ. 24,000ದಿಂದ 31,200ರ ಅಂತರವನ್ನು ಮೂರು ಭಾಗ ಮಾಡಿ, ಒಂದೊಂದು 2,400. ಕೆಳಗಿನ ಭಾಗ ಇನ್ನೂ ಕಲಿಯುತ್ತಿರುವವರಿಗೆ. ನಡುವಿನದು ಯಾರನ್ನೂ ಕೇಳದೆ ಕೆಲಸ ಮಾಡುವವರಿಗೆ. ಮೇಲಿನದು ಬೇರೆಯವರಿಗೆ ಕಲಿಸುವವರಿಗೆ, ಎರಡು ಮಷಿನ್ ನೋಡಬಲ್ಲವರಿಗೆ. ಆ ಸ್ಟೋರಿನ ನಂಬಿಕಸ್ತ ಮನುಷ್ಯನಿಗೆ ಬೆಲೆ ಕೊಡಬೇಕಿದ್ದ ಜಾಗ ಇದೇ. ಐದು ವರ್ಷ ಒಬ್ಬಳೇ ಲ್ಯಾಬ್ ನಡೆಸಿದವಳು ನಡುವಿನ ಭಾಗಕ್ಕೆ ಸೇರಿದವಳು, ಅದು ಶುರುವಾಗುವುದೇ 26,400ರಿಂದ. ಹಾಗಾಗಿ ಅವಳನ್ನು 24,000ಕ್ಕೆ ತಂದು ಕೈ ತೊಳೆದುಕೊಂಡರೆ ಅರ್ಧ ನ್ಯಾಯ. ನನ್ನ ಸಲಹೆ: ಈ ತಿಂಗಳೇ 24,000, ಮುಂದಿನ ಆರು ತಿಂಗಳಲ್ಲಿ 27,000. ಕೈಯಲ್ಲಿ ಆದರೆ ಒಂದೇ ಸಲಕ್ಕೆ ಮಾಡಿ. ವರ್ಷಕ್ಕೆ 90,000 ಬೀಳುತ್ತದೆ. ಮೇಲೆ ಲೆಕ್ಕ ಹಾಕಿದಂಥ ಎಂಟು ಲಾರಿ ತಪ್ಪಿದರೆ ಅಷ್ಟು ದುಡ್ಡು ನೀರಾಗಿ ಹೋಗುತ್ತದೆ.

ಪಟ್ಟಿಯಲ್ಲಿ ಕೆಳಮಿತಿಗಿಂತ ಕೆಳಗೆ ಇನ್ನೂ ಮೂವರಿದ್ದಾರೆ. ಎರಡನೇ ಪಾಳಿಯ ತೂಕದ ಗುಮಾಸ್ತರಿಗೆ 1,500 ಬೇಕು, ಇಬ್ಬರು ಪ್ಯಾಕಿಂಗ್ ಹೆಣ್ಣುಮಕ್ಕಳಿಗೆ ತಲಾ 800. ಲ್ಯಾಬಿನ 4,500 ಸೇರಿ ಎಲ್ಲರನ್ನೂ ಕೆಳಮಿತಿಗೆ ತರಲು ತಿಂಗಳಿಗೆ 7,600. ನಿಮ್ಮ ಒಟ್ಟು ಸಂಬಳ 8.4 ಲಕ್ಷ. ನೂರು ರೂಪಾಯಿಗೆ ಒಂದು ರೂಪಾಯಿಯೂ ಆಗುವುದಿಲ್ಲ, ಪಿಎಫ್ ಪಾಲು ಬೇರೆ. ಅಪ್ಪನವರ ಮುಂದೆ ಈ ಅಂಕಿ ಇಡಿ. ಗ್ರೇಡ್ ಮಾಡಿದರೆ ಮಿಲ್ ಮುಳುಗುತ್ತದೆ ಅನ್ನುವ ಹೆದರಿಕೆ ಸಾಮಾನ್ಯವಾಗಿ ಲೆಕ್ಕ ನೋಡುವ ತನಕ ಮಾತ್ರ ಇರುತ್ತದೆ.

ಮೇಲ್ಮಿತಿ ದಾಟಿದವರೂ ಒಬ್ಬರಿದ್ದಾರೆ, ನಿಮ್ಮ ಹಳೆಯ ವಾಚ್‌ಮನ್ ತಾತ. ಮೊದಲ ಗ್ರೇಡಿನ ತುದಿ 20,400, ಅವರಿಗೆ 22,000. ಇಳಿಸುವ ಮಾತೇ ಬೇಡ. ಸಮ ಮಾಡುವ ನೆಪದಲ್ಲಿ ಯಾರ ಸಂಬಳವನ್ನೂ ಕಡಿಮೆ ಮಾಡಬಾರದು ಅಂತ ವೇತನ ಸಂಹಿತೆಯೇ ಹೇಳುತ್ತದೆ. ಅವರ ಸಂಬಳ ಅಲ್ಲೇ ನಿಲ್ಲಲಿ. ಬ್ಯಾಂಡುಗಳನ್ನು ವರ್ಷಕ್ಕೆ ಶೇ. 6ರಂತೆ ಏರಿಸಿದರೆ ಮೊದಲ ವರ್ಷ ತುದಿ 21,600ರ ಹತ್ತಿರ, ಎರಡನೇ ವರ್ಷ 22,900. ಬ್ಯಾಂಡೇ ಬಂದು ಅವರನ್ನು ಸೇರಿಕೊಳ್ಳುತ್ತದೆ. ಆ ಎರಡು ವರ್ಷ ದೀಪಾವಳಿಗೆ ಒಂದು ಮೊತ್ತ ಕೈಗೆ ಕೊಡಿ, ತಿಂಗಳ ಸಂಬಳಕ್ಕೆ ಸೇರಿಸಬೇಡಿ. ಯಾಕೆ ಹಾಗೆ ಅಂತ ಅವರ ಪಕ್ಕ ಕೂತು ನೀವೇ ಹೇಳಿ. ಇಪ್ಪತ್ತು ವರ್ಷ ಗೇಟು ಕಾದವರಿಗೆ ಅದು ಕಾಗದದ ಮೇಲೆ ಗೊತ್ತಾಗಬಾರದು.

ಇನ್ನು ಬಾಯ್ಲರ್. ಎಲ್ಲ ಸರಿ ಮಾಡಿಟ್ಟ ಬ್ಯಾಂಡ್ ಮುರಿಯುವುದು ಸಾಮಾನ್ಯವಾಗಿ ಇಲ್ಲೇ. ಸರ್ಟಿಫಿಕೇಟ್ ಇರುವ ಬಾಯ್ಲರ್ ಆಪರೇಟರ್‌ಗಳು ನಮ್ಮ ಕಡೆ ಕಡಿಮೆ. ನಿಮ್ಮವರಿಗೆ 36,000. ಸೀಸನ್‌ನಲ್ಲಿ ಪಕ್ಕದ ಮಿಲ್ಲಿನವರು 42,000ಕ್ಕೆ ಕರೆಯುತ್ತಾರೆ. ಆಗ ಮೂರು ದಾರಿ ಕಾಣುತ್ತವೆ. ಅವರ ಗ್ರೇಡ್ ಏರಿಸುವುದು, ಬ್ಯಾಂಡ್ ದಾಟಿ ಸಂಬಳ ಕೊಡುವುದು, ಇಲ್ಲಾ ಬೇರೆ ಭತ್ಯೆ ಕೊಡುವುದು. ಮೊದಲ ಎರಡನ್ನು ಮಾಡಿದರೆ ಫಿಟ್ಟರ್ ಮತ್ತು ಸೂಪರ್‌ವೈಸರ್ ಮಾರನೇ ದಿನವೇ ನಿಮ್ಮ ಬಾಗಿಲಲ್ಲಿರುತ್ತಾರೆ, ಅವರು ಕೇಳುವುದೂ ಸರಿಯೇ. ಕೆಲಸ ದೊಡ್ಡದಾಗಿಲ್ಲ, ಜನ ಸಿಗುತ್ತಿಲ್ಲ, ಅಷ್ಟೇ. ಹಾಗಾಗಿ ಭತ್ಯೆ ಕೊಡಿ. ತಿಂಗಳಿಗೆ 5,000, ನವೆಂಬರ್‌ನಿಂದ ಫೆಬ್ರವರಿ ತನಕ. ಪೇಸ್ಲಿಪ್‌ನಲ್ಲಿ ಬೇರೆ ಸಾಲಿನಲ್ಲಿ, ಕೊನೆಯ ತಾರೀಕಿನ ಸಮೇತ ಇರಲಿ. ತುಂಗಭದ್ರಾ ಎಡದಂಡೆಗೆ ಎರಡನೇ ಬೆಳೆಯ ನೀರು ಬಂದ ವರ್ಷ ಬೇಸಿಗೆಯಲ್ಲೂ ಭತ್ತ ಬರುತ್ತದೆ, ಆಗ ಮತ್ತೆ ಕೊಡಿ. ನೀರು ಬಾರದ ವರ್ಷ ಮಿಲ್ಲುಗಳಿಗೇ ಕೆಲಸ ಇರುವುದಿಲ್ಲ, ಕರೆಯುವವರೂ ಇರುವುದಿಲ್ಲ. ಮೂಲ ಸಂಬಳದಲ್ಲಿ ಸೇರಿಸಿದ್ದರೆ ಆ ವರ್ಷವೂ ಕೊಡುತ್ತಲೇ ಇರಬೇಕಿತ್ತು. ಇನ್ನೊಂದು ಮಾತು, ಭತ್ಯೆ ನಿಜವಾಗಿ ನಿಲ್ಲಬೇಕು. ಮೂರು ವರ್ಷ ನಿಲ್ಲದೆ ಕೊಟ್ಟ ಭತ್ಯೆ ಸಂಬಳವೇ ಆಗಿಬಿಟ್ಟಿರುತ್ತದೆ.

ಕೆಡುವ ಇನ್ನೊಂದು ಬಾಗಿಲು ಹೊಸಬರ ಸೇರ್ಪಡೆ. ಅರ್ಜೆಂಟಿಗೆ ಒಬ್ಬ ಡ್ರೈಯರ್ ಆಪರೇಟರ್ ಬೇಕಾಗುತ್ತದೆ, 27,500 ಕೇಳುತ್ತಾರೆ, ಒಪ್ಪಿಬಿಡುತ್ತೀರಿ. ಒಳಗೆ ಎಂಟು ವರ್ಷದಿಂದ ಇರುವವರು 25,500ರಲ್ಲೇ ಇದ್ದಾರೆ. ಮಾತು ಕೊಡುವ ಮೊದಲು ಆ ಗ್ರೇಡಿನ ಹಾಳೆ ಮುಂದಿಟ್ಟು ನೋಡಿ. ಹೊಸಬರಿಗೆ ಅಷ್ಟು ಕೊಡಲೇಬೇಕಾದರೆ ಹಳಬರನ್ನು ಅದೇ ತಿಂಗಳು ಸರಿ ಮಾಡಿ. ಅದರ ಖರ್ಚನ್ನೂ ಹೊಸಬರ ಖರ್ಚಿಗೇ ಸೇರಿಸಿ ಲೆಕ್ಕ ಹಾಕಿ.

ಪ್ರತಿ ಏಪ್ರಿಲ್‌ನಲ್ಲಿ ಒಂದು ಗಂಟೆ ಕೂತು ಎರಡು ಸಂಗತಿ ನೋಡಿ. ಒಂದೊಂದು ಗ್ರೇಡಿನಲ್ಲಿ ಗಂಡಸರ ಸಂಬಳ ಸರಾಸರಿ ನಡುಬಿಂದುವಿನ ಶೇಕಡಾ ಎಷ್ಟು, ಹೆಂಗಸರದು ಎಷ್ಟು. ಐದಕ್ಕಿಂತ ಜಾಸ್ತಿ ಅಂತರ ಕಂಡರೆ ಒಬ್ಬೊಬ್ಬರ ಹೆಸರು ಹಿಡಿದು ಕಾರಣ ಬರೆಯಿರಿ. ಬರೆಯಲು ಕಾರಣ ಸಿಗದ ಕಡೆ ಸರಿ ಮಾಡಬೇಕು. ಎರಡನೆಯದು, ಯಾವುದಾದರೂ ಕೆಲಸಕ್ಕೆ ಹೊಸದಾಗಿ "ಸೀನಿಯರ್" ಅಂತ ಹೆಸರು ಸೇರಿದೆಯಾ ನೋಡಿ. ಸಂಬಳ ಏರಿಸಲು ದಾರಿ ಇಲ್ಲದಾಗ ಜನ ಹೆಸರು ಏರಿಸುತ್ತಾರೆ. ಪುಟದಲ್ಲಿರುವ ಕೆಲಸ ಬದಲಾಗದೆ ಹೆಸರು ಮಾತ್ರ ಬದಲಾಗಿದ್ದರೆ ಗ್ರೇಡ್ ಮುಟ್ಟಬೇಡಿ. ಕೆಲಸವೇ ಬದಲಾಗಿದ್ದರೆ ಪುಟ ತಿದ್ದಿ ಐದೂ ಜನರನ್ನು ಮತ್ತೆ ಕೂರಿಸಿ.

ಈಗ ಆ ಹುಡುಗಿಗೆ ಏನು ಹೇಳುವುದು? ಕರೆದು ಎರಡು ಹಾಳೆ ತೋರಿಸಿ, ಲ್ಯಾಬಿನದು ಮತ್ತು ಸಾರ್ಟೆಕ್ಸ್‌ನದು. ಬೇರೆಯವರ ಸಂಬಳ ತೋರಿಸುವುದು ಬೇಡ, ಅಂಕ ಮತ್ತು ಬ್ಯಾಂಡ್ ಸಾಕು. "ಯಾವುದರಲ್ಲೂ ಕಡಿಮೆ ಇರಲಿಲ್ಲ, ನಾವು ಅಳೆದಿರಲಿಲ್ಲ" ಅಂತ ನೇರವಾಗಿ ಹೇಳಿ. ಈ ತಿಂಗಳಿನಿಂದ ಎಷ್ಟು, ಆರು ತಿಂಗಳಿಗೆ ಎಷ್ಟು ಅಂತ ತಾರೀಕು ಹಾಕಿ ಬರೆದುಕೊಡಿ. ತನ್ನ ಪುಟದಲ್ಲಿ ಏನಾದರೂ ಬಿಟ್ಟುಹೋಗಿದೆಯಾ ಅಂತ ಓದಿ ನೋಡಲು ಹೇಳಿ, ಪೆನ್ನೂ ಕೊಡಿ.